ಸೂತ್ರಕ್ಕೂ ಪಟ್ಟಿಗೂ ತಾಳೆಯಾಗದಿದ್ದರೆ ತಪ್ಪು ಯಾವ ಕಡೆ?

ಪ್ರಶ್ನೆ: ಮಗಳ ಗಣಿತ ವರ್ಕ್‌ಶೀಟ್‌ನಲ್ಲಿ 7, 11, 15, … ಈ ಸಮಾಂತರ ಶ್ರೇಢಿಯ 15ನೇ ಪದ ಮತ್ತು ಮೊದಲ 15 ಪದಗಳ ಮೊತ್ತ ಕೇಳಿದ್ದಾರೆ. ‘ಪದಗಳನ್ನು ಬರೆದು ಉತ್ತರ ತಾಳೆ ನೋಡಿ’ ಅಂತಲೂ ಇದೆ. ಅವಳಿಗೆ ಸೂತ್ರದಿಂದ 63 ಮತ್ತು 525 ಬಂತು. ನಾನು 7ಕ್ಕೆ 15 ಸಲ 4 ಸೇರಿಸುತ್ತಾ ಹೋದೆ, 67 ಮತ್ತು 592 ಬಂತು. ಜೋಡಿ ಮಾಡಿ ಕೂಡಿದರೂ ಅಷ್ಟೇ. ಇನ್ನೊಂದು ಲೆಕ್ಕದಲ್ಲಿ 100ರಿಂದ 200ರೊಳಗೆ 6ರಿಂದ ಭಾಗವಾಗುವ ಸಂಖ್ಯೆಗಳ ಮೊತ್ತ ಅವಳಿಗೆ 2400 ಬಂದಿದೆ, ಉತ್ತರದ ಹಾಳೆಯಲ್ಲಿ 2550 ಇದೆ. ಮತ್ತೊಂದರಲ್ಲಿ 30, 26, 22, … ಇದರ ಎಷ್ಟು ಪದ ಕೂಡಿದರೆ 110 ಅನ್ನೋದಕ್ಕೆ 5, 11 ಎರಡೂ ಸರಿಯಂತೆ! ಸೂತ್ರ ಇರುವಾಗ ಪಟ್ಟಿ ಬರೆಯೋದು ಸುಮ್ನೆ ಟೈಮ್ ವೇಸ್ಟ್ ಅಂತಾಳೆ ಮಗಳು. ಯಾರನ್ನು ನಂಬಲಿ?

ಉತ್ತರ: ಮೊದಲ ಲೆಕ್ಕದಲ್ಲಿ ಮಗಳು ಸರಿ, ನೀವು ತಪ್ಪು. ಎರಡನೆಯದರಲ್ಲಿ ಉತ್ತರದ ಹಾಳೆ ಸರಿ, ಮಗಳು ತಪ್ಪು. ತಮಾಷೆಯೆಂದರೆ ಇಬ್ಬರ ತಪ್ಪಿನ ಬೇರೂ ಒಂದೇ. ನೀವು ಒಂದು ಜಾಸ್ತಿ ಎಣಿಸಿದ್ದೀರಿ, ಅವಳು ಒಂದು ಕಮ್ಮಿ ಎಣಿಸಿದ್ದಾಳೆ. ಮೂರನೆಯದರಲ್ಲಿ ಯಾರದೂ ತಪ್ಪಿಲ್ಲ, ಅದಕ್ಕೆ ಕೊನೆಗೆ ಬರ್ತೀನಿ.

ನಿಮ್ಮ ಪಟ್ಟಿಯಿಂದಲೇ ಶುರು ಮಾಡೋಣ. ಒಂದು ಹಾಳೆ ತಗೊಂಡು ಮೂರು ಸಾಲು ಬರೆಯಿರಿ. ಮೇಲಿನ ಸಾಲಿನಲ್ಲಿ ಎಷ್ಟನೇ ಪದ ಅನ್ನೋದು, ನಡುವಿನ ಸಾಲಿನಲ್ಲಿ ಆ ಪದ, ಕೆಳಗಿನ ಸಾಲಿನಲ್ಲಿ ಅಲ್ಲಿವರೆಗಿನ ಮೊತ್ತ.

```
n     1   2   3   4   5   6    7    8
a_n   7  11  15  19  23  27   31   35
S_n   7  18  33  52  75  102  133  168

n     9   10   11   12   13   14   15
a_n   39  43   47   51   55   59   63
S_n   207 250  297  348  403  462  525
```

ಮೊದಲ ಮನೆ ನೋಡಿ. 1ರ ಕೆಳಗೆ 7 ಇದೆ. ಅಲ್ಲಿ ಇನ್ನೂ ಒಂದು ಸಲವೂ 4 ಸೇರಿಸಿಲ್ಲ. 2ರ ಕೆಳಗೆ ಬಂದಾಗ ಒಂದು ಸಲ ಸೇರಿಸಿದ್ದೇವೆ, 3ರ ಕೆಳಗೆ ಬಂದಾಗ ಎರಡು ಸಲ. 15ರ ಕೆಳಗೆ ಬರುವಷ್ಟರಲ್ಲಿ 14 ಸಲ ಸೇರಿಸಿರುತ್ತೇವೆ. ನೀವು 15 ಸಲ ಸೇರಿಸಿದ್ದರಿಂದ 16ನೇ ಮನೆಗೆ ಹೋಗಿ ನಿಂತಿದ್ದೀರಿ. 67 ಅನ್ನೋದು 16ನೇ ಪದ, 592 ಅನ್ನೋದು 16 ಪದಗಳ ಮೊತ್ತ. ಕೂಡಿದ್ದರಲ್ಲಿ ತಪ್ಪಿಲ್ಲ, ನಿಂತ ಜಾಗ ತಪ್ಪು. ಸೂತ್ರ `a_n = a + (n − 1)d` ಆಗಿರೋದು ಇದಕ್ಕೇ. ಆ `n − 1` ಅಂದರೆ ಹೆಜ್ಜೆಗಳ ಲೆಕ್ಕ. ಮನೆಗಳು 15, ಅವುಗಳ ನಡುವಿನ ಹೆಜ್ಜೆಗಳು 14.

ಹಳಬರೂ ಇಲ್ಲಿ ಎಡವುತ್ತಿದ್ದರೋ ಏನೋ. 12ನೇ ಶತಮಾನದ ಭಾಸ್ಕರಾಚಾರ್ಯರು ಶ್ರೇಢಿಯ ಕೊನೆಯ ಪದಕ್ಕೆ ಕೊಟ್ಟ ನಿಯಮ ಶುರುವಾಗುವುದೇ ‘ವ್ಯೇಕಪದ’ ಎಂಬ ಮಾತಿನಿಂದ. ಪದಗಳ ಎಣಿಕೆಯಲ್ಲಿ ಒಂದು ಕಳೆದದ್ದು ಅಂತ ಅರ್ಥ. ಕಳೆಯುವ ಆ ಒಂದನ್ನು ಅವರು ಎಲ್ಲಕ್ಕಿಂತ ಮುಂದೆ ಇಟ್ಟಿದ್ದಾರೆ.

ಈಗ ನಿಮ್ಮಿಬ್ಬರ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಒಂದರಿಂದ ಇನ್ನೊಂದನ್ನು ಕಳೆಯಿರಿ. ಪದದಲ್ಲಿ 67 − 63 = 4. ಇದು ಸರಿಯಾಗಿ ಸಾಮಾನ್ಯ ವ್ಯತ್ಯಾಸದಷ್ಟೇ ಇದೆ. ಮೊತ್ತದಲ್ಲಿ 592 − 525 = 67. ಇದು ಸರಿಯಾಗಿ ನಿಮ್ಮ ಪಟ್ಟಿಯ ಕೊನೆಯ ಪದ. ಇಷ್ಟು ವರ್ಷ ಉತ್ತರ ಪತ್ರಿಕೆ ತಿದ್ದಿ ನಾನು ಕಂಡುಕೊಂಡಿದ್ದು ಇದು. ಎರಡು ಉತ್ತರಗಳ ನಡುವಿನ ಅಂತರ ನೋಡಿದರೆ ತಪ್ಪು ಎಲ್ಲಾಗಿದೆ ಅಂತ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಎರಡೂ ಹೊಂದದಿದ್ದರೆ ಮಕ್ಕಳು ಸಾಮಾನ್ಯವಾಗಿ ಎಲ್ಲ ಅಳಿಸಿ ಮೊದಲಿಂದ ಮಾಡ್ತಾರೆ. ಅಳಿಸಬೇಡಿ ಅಂತೀನಿ ನಾನು. ಮೊದಲು ಕಳೆದು ನೋಡಿ.

ಪದದ ಉತ್ತರದಲ್ಲಿ ಅಂತರ `d`ಯಷ್ಟೇ ಇದ್ದರೆ ಯಾರೋ ಒಂದು ಹೆಜ್ಜೆ ಹೆಚ್ಚು ಕಮ್ಮಿ ಮಾಡಿದ್ದಾರೆ. `d`ಯ ಎರಡರಷ್ಟಿದ್ದರೆ ಎರಡು ಹೆಜ್ಜೆ. ಅಂತರ `d`ಯಿಂದ ಭಾಗವಾಗದೇ ಇದ್ದರೆ ಅದು ಎಣಿಕೆಯ ತಪ್ಪಲ್ಲ, ಕೂಡುವಾಗ ಅಥವಾ ಗುಣಿಸುವಾಗ ಆದ ತಪ್ಪು. ಉದಾಹರಣೆಗೆ ಪಟ್ಟಿಯಲ್ಲಿ 39 ಆದಮೇಲೆ 43ರ ಬದಲು 44 ಬರೆದುಬಿಟ್ಟಿರಿ ಅಂದುಕೊಳ್ಳಿ. ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಜಾಸ್ತಿಯಾಗಿ ಕೊನೆಗೆ 64 ಬರುತ್ತದೆ. 63ಕ್ಕೂ 64ಕ್ಕೂ ಅಂತರ 1. ಹೆಜ್ಜೆ ತಪ್ಪಿದ್ದರೆ 4 ಬರಬೇಕಿತ್ತು, ಅಲ್ವಾ? ಹಾಗಾಗಿ ಪಟ್ಟಿಯಲ್ಲೇ ಎಲ್ಲೋ ಜಾರಿದೆ ಅಂತ ತಿಳಿಯುತ್ತದೆ. ಎಲ್ಲಿ ಅಂತ ಹುಡುಕುವುದೂ ಸುಲಭ. ಈ ಶ್ರೇಢಿಯ ಯಾವ ಪದವನ್ನು 4ರಿಂದ ಭಾಗಿಸಿದರೂ ಶೇಷ 3 ಉಳಿಯಬೇಕು. 39ಕ್ಕೆ 3 ಉಳಿಯುತ್ತದೆ, 44ಕ್ಕೆ ಏನೂ ಉಳಿಯೋದಿಲ್ಲ. ಅಲ್ಲೇ ಸಿಕ್ಕಿಬಿತ್ತು. ಆದರೆ ಶೇಷ ನೋಡುವ ಈ ಉಪಾಯ ನಿಮ್ಮ 67ನ್ನು ಹಿಡಿಯಲಾರದು. ಅದಕ್ಕೂ ಶೇಷ 3ನೇ, ಯಾಕೆಂದರೆ ಅದೂ ಈ ಶ್ರೇಢಿಯದೇ ಪದ.

ಜೋಡಿ ಮಾಡಿ ಕೂಡಿದರೂ ಅಷ್ಟೇ ಬಂತು ಅಂದಿರಿ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ತುಂಬ ಜನ ಮೋಸ ಹೋಗೋದು ಇಲ್ಲೇ. ನಿಮ್ಮ ಪಟ್ಟಿಯಲ್ಲಿ 7 + 67 = 74, 11 + 63 = 74, 15 + 59 = 74. ಹೀಗೆ 8 ಜೋಡಿ, ಒಟ್ಟು 592. ಎಲ್ಲ ಜೋಡಿಯೂ ಎಷ್ಟು ಚೆಂದ ಹೊಂದಿಕೊಂಡಿದೆ! ನೋಡಿದವರಿಗೆ ಇದು ತಪ್ಪಿರಲು ಸಾಧ್ಯವೇ ಇಲ್ಲ ಅನ್ನಿಸುತ್ತದೆ. ಆದರೆ ಸಮಾಂತರ ಶ್ರೇಢಿಯನ್ನು ನೀವು ಎಲ್ಲಿ ಬೇಕಾದರೂ ಕತ್ತರಿಸಿ, ಜೋಡಿಗಳು ಹೊಂದೇ ಹೊಂದುತ್ತವೆ. ಒಂದು ತುದಿಯಿಂದ 4 ಏರುವಾಗ ಇನ್ನೊಂದು ತುದಿಯಿಂದ 4 ಇಳಿಯುತ್ತದೆ, ಅಷ್ಟೇ. ಜೋಡಿ ಹೊಂದಿದರೆ ನಡುವೆ ಕೂಡುವ ತಪ್ಪಿಲ್ಲ ಅಂತ ಹೇಳಬಹುದು. ಎಷ್ಟು ಪದ ಇವೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. 15 ಪದ ಇದ್ದರೆ 7 ಜೋಡಿ ಆಗಿ ನಡುವೆ ಒಂದು ಒಂಟಿಯಾಗಿ ಉಳಿಯಬೇಕಿತ್ತು. ಒಂಟಿ ಉಳಿಯದೆ 8 ಜೋಡಿ ಪೂರ್ತಿ ಆದಾಗಲೇ ಅನುಮಾನ ಬರಬೇಕಿತ್ತು. ಸರಿಯಾದ ಪಟ್ಟಿಯಲ್ಲಿ 70ರ 7 ಜೋಡಿ, ಅಂದರೆ 490. ನಡುವೆ ಉಳಿದ 35 ಸೇರಿಸಿದರೆ 525.

ಆ ಒಂಟಿ 35 ತುಂಬ ಉಪಯೋಗದ ಸಂಖ್ಯೆ. 15 ಪದಗಳಲ್ಲಿ 8ನೆಯದು ಸರಿಯಾಗಿ ನಡುವಿನದು, ಅದೇ ಎಲ್ಲದರ ಸರಾಸರಿ. 15 × 35 = 525. ಪದಗಳ ಸಂಖ್ಯೆ ಬೆಸವಾಗಿದ್ದರೆ ನಡುವಿನ ಪದವನ್ನು ಎಣಿಕೆಯಿಂದ ಗುಣಿಸಿದರೆ ಮೊತ್ತ ಬಂದುಬಿಡುತ್ತದೆ. ಸಮವಾಗಿದ್ದರೆ ನಡುವಿನ ಎರಡು ಪದಗಳ ಸರಾಸರಿ ತೆಗೆದುಕೊಳ್ಳಬೇಕು. ಮೊತ್ತದ ಸೂತ್ರ ತಪ್ಪಾಗಿ ಬಳಸಿದಾಗ ಇದು ತಕ್ಷಣ ಹಿಡಿದುಕೊಡುತ್ತದೆ. ಸೂತ್ರ `S_n = n/2 [2a + (n − 1)d]`. ಇದರಲ್ಲಿ ಒಬ್ಬರು `n − 1`ರ ಬದಲು `n` ಹಾಕುತ್ತಾರೆ, 555 ಬರುತ್ತದೆ. 15ರಿಂದ ಭಾಗಿಸಿದರೆ 37. ನಡುವಿನ ಪದ 35 ಇರುವಾಗ ಸರಾಸರಿ 37 ಹೇಗೆ ಬರುತ್ತದೆ? ಇನ್ನೊಬ್ಬರು `2a`ಯ 2ನ್ನು ಮರೆತು 472.5 ಅಂತಾರೆ. ಪೂರ್ಣ ಸಂಖ್ಯೆಗಳನ್ನೇ ಕೂಡಿದಾಗ ಅರ್ಧ ಎಲ್ಲಿಂದ ಬಂತು ಅಂತ ಕೇಳಿದರೆ ಸಾಕು. ಮತ್ತೊಬ್ಬರು ಆವರಣ ಬಿಟ್ಟು `n/2`ನ್ನು `2a`ಗೆ ಮಾತ್ರ ಗುಣಿಸಿ 105 + 56 = 161 ಅಂತ ಬರೆಯುತ್ತಾರೆ. 15 ಪದಗಳಿಗೆ ಹಂಚಿದರೆ ಒಂದಕ್ಕೆ ಸುಮಾರು 11. ಪಟ್ಟಿ 63ರವರೆಗೆ ಏರಿದ್ದು ಗೊತ್ತಿದ್ದವರಿಗೆ ಇದು ಕಣ್ಣಿಗೆ ಹೊಡೆಯುತ್ತದೆ.

ಇನ್ನು ಟೈಮ್ ವೇಸ್ಟ್ ವಿಚಾರ. ಮಗಳ ಮಾತಿನಲ್ಲಿ ಅರ್ಧ ಸತ್ಯ ಇದೆ. 15 ಪದ ಬರೆಯೋದಕ್ಕೆ ಎರಡು ನಿಮಿಷ ಸಾಕು. 20ರವರೆಗೂ ಪೂರ್ತಿ ಬರೆದು ನೋಡಬಹುದು. 200 ಪದ ಬರೆಯಲು ಹೊರಟರೆ ಸಮಯ ಹೋಗುವುದಲ್ಲದೆ, ಬರೆಯುವಾಗ ಆಗುವ ತಪ್ಪುಗಳೇ ಸೂತ್ರದ ತಪ್ಪುಗಳಿಗಿಂತ ಜಾಸ್ತಿಯಾಗುತ್ತವೆ. ಆಗ ಯಾವುದನ್ನು ಯಾವುದರಿಂದ ಪರೀಕ್ಷಿಸುತ್ತಿದ್ದೇವೆ ಅನ್ನೋದೇ ಗೊಂದಲ. ಆದರೆ ತಾಳೆ ನೋಡಲು ಎಲ್ಲ ಪದಗಳೂ ಬೇಕು ಅನ್ನುವುದು ತಪ್ಪು ತಿಳಿವಳಿಕೆ. ಬೇಕಾಗೋದು ಮೊದಲ ಎರಡು ಮೂರು ಮಾತ್ರ.

ಹೇಗೆ ಅಂತ ತೋರಿಸ್ತೀನಿ. ನಿಮ್ಮ ಶ್ರೇಢಿಗೆ 15ನ್ನು ಹಾಕುವ ಮೊದಲು ಸೂತ್ರವನ್ನು `n` ಇಟ್ಟುಕೊಂಡೇ ಬಿಡಿಸಿ.

```
a_n = 7 + (n − 1)4 = 4n + 3
S_n = n/2 [14 + (n − 1)4] = n(2n + 5)
```

ಈಗ `n`ಗೆ 1 ಹಾಕಿ. ಪದ 7 ಬಂತು, ಪಟ್ಟಿಯಲ್ಲೂ 7. `n`ಗೆ 2 ಹಾಕಿ, 11 ಬಂತು. ಅಲ್ಲಿಗೆ ಪದದ ಸೂತ್ರದ ಪರೀಕ್ಷೆ ಮುಗಿಯಿತು. `4n + 3` ಪ್ರತಿ ಹೆಜ್ಜೆಗೂ ಒಂದೇ ಅಳತೆಯಲ್ಲಿ ಏರುತ್ತದೆ, ಶ್ರೇಢಿಯೂ ಹಾಗೇ ಏರುತ್ತದೆ. ಎರಡು ಜಾಗದಲ್ಲಿ ಹೊಂದಿದ ಮೇಲೆ ಮುಂದೆ ಬೇರೆಯಾಗಲು ದಾರಿಯೇ ಇಲ್ಲ. ನಿಮ್ಮ ಹಾಗೆ 15 ಸಲ ಸೇರಿಸುವ ಲೆಕ್ಕಕ್ಕೆ ಸೂತ್ರ ಬರೆದರೆ `4n + 7` ಆಗುತ್ತಿತ್ತು. ಅದರಲ್ಲಿ `n`ಗೆ 1 ಹಾಕಿದ ಕೂಡಲೇ 11 ಬರುತ್ತದೆ. ಮೊದಲನೇ ಪದ 11 ಅಲ್ಲ, 7. ಒಂದೇ ಗೆರೆಯಲ್ಲಿ ತಪ್ಪು ಸಿಕ್ಕಿತು. 15 ಪದ ಬರೆದರೂ ಸಿಗದೇ ಇದ್ದ ತಪ್ಪು ಇದು ಅನ್ನೋದನ್ನು ಗಮನಿಸಿ.

ಮೊತ್ತಕ್ಕೆ ಮೂರು ಜಾಗ ನೋಡಿ. `n(2n + 5)`ರಲ್ಲಿ 1, 2, 3 ಹಾಕಿದರೆ 7, 18, 33. ಪಟ್ಟಿಯಲ್ಲಿ 7, ಆಮೇಲೆ 7 + 11 = 18, ಆಮೇಲೆ 18 + 15 = 33. ಮೊತ್ತದ ಸೂತ್ರದಲ್ಲಿ `n`ನ ವರ್ಗ ಇರುವುದರಿಂದ ಇಲ್ಲಿ ಮೂರು ಬೇಕು. ಅಂಥ ಎರಡು ಸೂತ್ರಗಳು ಎರಡು ಜಾಗದಲ್ಲಿ ಹೊಂದಿ ಮೂರನೆಯದರಲ್ಲಿ ಬೇರೆಯಾಗಬಹುದು. ಮೂರರಲ್ಲೂ ಹೊಂದಿದರೆ ಅವು ಒಂದೇ.

ಇದಕ್ಕೆ ಒಂದು ಮಿತಿ ಇದೆ. ಈ ಪರೀಕ್ಷೆ ಸೂತ್ರ ಸರಿಯಿದೆ ಅಂತ ಹೇಳುತ್ತದೆ, 15 ಹಾಕಿ ಗುಣಿಸಿದ್ದು ಸರಿಯಿದೆ ಅಂತ ಹೇಳುವುದಿಲ್ಲ. ಅದಕ್ಕೆ ಇನ್ನೊಂದು ಚಿಕ್ಕ ಕೆಲಸ ಮಾಡಬೇಕು. 15 ಪದಗಳ ಮೊತ್ತದಿಂದ 14 ಪದಗಳ ಮೊತ್ತ ಕಳೆದರೆ 15ನೇ ಪದ ಉಳಿಯಬೇಕು. 14 × 33 = 462. 525 − 462 = 63. ಮಗಳಿಗೆ ಬಂದ ಎರಡು ಉತ್ತರಗಳೂ ಒಂದನ್ನೊಂದು ಹಿಡಿದುಕೊಂಡು ನಿಂತವು. ಮೇಲಿನ ಪಟ್ಟಿಯ ಕೊನೆಯ ಎರಡು ಮನೆಗಳಲ್ಲೂ ಇದೇ ಇದೆ, ಪಟ್ಟಿ ಬರೆಯದೆ ಅಲ್ಲಿಗೆ ಹೋಗಿ ನೋಡಿಬಂದ ಹಾಗೆ.

ಈ ಯಾವ ತಾಳೆಯೂ ಕೆಲಸ ಮಾಡದ ಜಾಗ ಒಂದಿದೆ. `d`ಯನ್ನೇ ತಪ್ಪು ತೆಗೆದುಕೊಂಡು, ಅದೇ ತಪ್ಪು `d`ಯಿಂದ ಪಟ್ಟಿಯನ್ನೂ ಬರೆದರೆ ಸೂತ್ರ ಮತ್ತು ಪಟ್ಟಿ ಎರಡೂ ಒಟ್ಟಿಗೆ ತಪ್ಪಿ ಚೆನ್ನಾಗಿ ತಾಳೆಯಾಗುತ್ತವೆ. ಇಳಿಯುವ ಶ್ರೇಢಿಗಳಲ್ಲಿ ಇದು ದಿನಾ ನೋಡುವ ತಪ್ಪು. 30, 26, 22, … ಇದರಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆದು `d = 4` ಅಂದುಕೊಳ್ಳುತ್ತಾರೆ. ಕಳೆಯಬೇಕಾದ್ದು ಯಾವಾಗಲೂ ಮುಂದಿನ ಪದದಿಂದ ಹಿಂದಿನದನ್ನು. 26 − 30 = −4. ಹಾಗಾಗಿ ಪಟ್ಟಿ ಬರೆಯುವಾಗ ಮೊದಲ ಪದ ಮಾತ್ರ ಪ್ರಶ್ನೆಯಿಂದ ತೆಗೆದುಕೊಳ್ಳಿ. ಎರಡನೆಯದು, ಮೂರನೆಯದನ್ನು ನಿಮ್ಮ `d`ಯಿಂದ ಹುಟ್ಟಿಸಿ, ಆಮೇಲೆ ಪ್ರಶ್ನೆಯಲ್ಲಿ ಕೊಟ್ಟದ್ದರ ಜೊತೆ ಹೋಲಿಸಿ. 30, 34 ಅಂತ ಬಂದರೆ ಪ್ರಶ್ನೆಯ 26 ತಾನಾಗಿ ಎದುರು ನಿಲ್ಲುತ್ತದೆ. ಕೊಟ್ಟ ಮೂರು ಪದಗಳನ್ನು ಕಣ್ಣುಮುಚ್ಚಿ ನಕಲು ಮಾಡಿ ನಾಲ್ಕನೆಯದರಿಂದ ಶುರು ಮಾಡಿದರೆ ಈ ಲಾಭ ಹೋಯಿತು.

ಈಗ 2400 ಮತ್ತು 2550. 100ರ ನಂತರ 6ರಿಂದ ಭಾಗವಾಗುವ ಮೊದಲ ಸಂಖ್ಯೆ 102, 200ರ ಒಳಗೆ ಕೊನೆಯದು 198. ಮಗಳು 198 − 102 = 96, ಅದನ್ನು 6ರಿಂದ ಭಾಗಿಸಿ 16 ಪದ ಅಂದುಕೊಂಡಿದ್ದಾಳೆ. 16 ಅನ್ನುವುದು ಹೆಜ್ಜೆಗಳು, ಪದಗಳು 17. ನಿಮ್ಮ ಪಟ್ಟಿಯಲ್ಲಿ 15 ಮನೆ, 14 ಹೆಜ್ಜೆ ಇದ್ದ ಹಾಗೇ ಇದು. ನಂಬಿಕೆ ಬರದಿದ್ದರೆ ಚಿಕ್ಕದಾಗಿ ಮಾಡಿ ನೋಡಲಿ. 102, 108, 114. ಕೊನೆಯದರಿಂದ ಮೊದಲನೆಯದನ್ನು ಕಳೆದು 6ರಿಂದ ಭಾಗಿಸಿದರೆ 2. ಕಣ್ಣೆದುರಿಗೆ ಮೂರು ಸಂಖ್ಯೆ ಇವೆ. ಇನ್ನೊಂದು ದಾರಿಯೂ ಇದೆ. 200ರವರೆಗೆ 6ರ ಗುಣಕಗಳು 33, 100ರವರೆಗೆ 16. ಕಳೆದರೆ 17. ಇದರಲ್ಲಿ ಒಂದು ಸೇರಿಸುವ ತಲೆನೋವಿಲ್ಲ.

ಅಂತರದ ಪರೀಕ್ಷೆ ಇಲ್ಲೂ ಮಾತಾಡುತ್ತದೆ. 2550 − 2400 = 150. ಅದು 102 ಮತ್ತು 198ರ ಸರಿಯಾದ ನಡುವೆ ಇದೆ. ಅಂದರೆ ಅವಳು `S_n = n/2 (a + l)` ಸೂತ್ರ ಬಳಸಿ, ಎರಡೂ ತುದಿಗಳನ್ನು ಸರಿಯಾಗಿ ಹಾಕಿ, ಎಣಿಕೆ ಮಾತ್ರ ತಪ್ಪಿದ್ದಾಳೆ. ಸರಾಸರಿಯ ಒಂದು ಪಾಲು ಬಿಟ್ಟುಹೋಗಿದೆ. ಅದೇ 16ನ್ನು ಇನ್ನೊಂದು ಸೂತ್ರಕ್ಕೆ ಹಾಕಿದ್ದರೆ 8 × (204 + 90) = 2352 ಬರುತ್ತಿತ್ತು. ಆಗ ಅಂತರ 198, ಅಂದರೆ ಕೊನೆಯ ಪದವೇ ಬಿಟ್ಟುಹೋದದ್ದು.

ಈ 2400, 2352 ಎರಡನ್ನೂ ಒಟ್ಟಿಗೆ ನೋಡಿ. ಒಂದೇ ಲೆಕ್ಕಕ್ಕೆ ಎರಡು ಸೂತ್ರ ಎರಡು ಉತ್ತರ ಕೊಡುವ ಹಾಗಿಲ್ಲ. ಕೊಟ್ಟರೆ ಅವಳ `n`ಗೂ ಕೊನೆಯ ಪದಕ್ಕೂ ಹೊಂದಾಣಿಕೆ ಇಲ್ಲ ಅಂತಾಯಿತು. ಹಾಗಾಗಿ ಪದಗಳು ಜಾಸ್ತಿ ಇದ್ದು ಪಟ್ಟಿ ಬರೆಯಲು ಮನಸ್ಸಿಲ್ಲದಿದ್ದರೆ ಮೊತ್ತವನ್ನು ಎರಡೂ ಸೂತ್ರದಿಂದ ಒಮ್ಮೆ ಮಾಡಲಿ. 17 ಹಾಕಿದರೆ ಎರಡರಲ್ಲೂ 2550. ನಡುವಿನ 9ನೇ ಪದ 102 + 48 = 150, ಅದನ್ನು 17ರಿಂದ ಗುಣಿಸಿದರೂ 2550. ಇಲ್ಲೂ ಒಂದು ಎಚ್ಚರಿಕೆ ಬೇಕು. ನಿಮ್ಮ 592ರಂಥ ತಪ್ಪನ್ನು ಇದು ಹಿಡಿಯೋದಿಲ್ಲ. 16 ಪದ, ಕೊನೆಯದು 67, ಎರಡೂ ಪರಸ್ಪರ ಹೊಂದುತ್ತವೆ, ಸೂತ್ರಗಳೂ ಒಪ್ಪುತ್ತವೆ. ಪ್ರಶ್ನೆ ಕೇಳಿದ್ದು 15 ಅಂತ ನೋಡಿಕೊಳ್ಳುವುದು ಮೇಲಿನ ಸಾಲಿನ ಕೆಲಸ. ಅದಕ್ಕೇ ಪಟ್ಟಿಯ ಮೇಲೆ 1, 2, 3 ಅಂತ ಬರೆಯಿರಿ ಅಂತ ಹಟ ಮಾಡೋದು ನಾನು.

ಮೂರನೇ ಲೆಕ್ಕ ಈ ಮೂರರಲ್ಲಿ ನನಗೆ ಇಷ್ಟವಾದದ್ದು. ಸೂತ್ರ ಹೇಳಿದ್ದು ನಿಜವಾ ಅಂತ ಅನುಮಾನ ಬಂದಾಗ ಪಟ್ಟಿ ಎಷ್ಟು ನೆರವಾಗುತ್ತದೆ ಅಂತ ಇಲ್ಲಿ ಕಾಣುತ್ತದೆ. `a = 30`, `d = −4`. ಮೊತ್ತ `n(32 − 2n)`. ಅದು 110 ಆಗಬೇಕು.

```
n(32 − 2n) = 110
n² − 16n + 55 = 0
(n − 5)(n − 11) = 0
```

ಎರಡು ಉತ್ತರ ಬಂದ ಕೂಡಲೇ ಒಂದನ್ನು ಹೊಡೆದುಹಾಕುವ ಅಭ್ಯಾಸ ಮಕ್ಕಳಿಗಿದೆ. ಅದು ಎಲ್ಲಿಂದ ಬಂತು ಅಂತಲೂ ಗೊತ್ತು. ನಿಮ್ಮ ಮೊದಲ ಶ್ರೇಢಿಯಲ್ಲಿ ಎಷ್ಟು ಪದ ಕೂಡಿದರೆ 525 ಅಂತ ಕೇಳಿದ್ದರೆ `n` 15 ಅಥವಾ −17.5 ಬರುತ್ತಿತ್ತು. ಋಣ ಸಂಖ್ಯೆಯಷ್ಟು ಪದ ಇರೋದಿಲ್ಲ, ಅರ್ಧ ಪದವೂ ಇಲ್ಲ. ಅದನ್ನು ಬಿಟ್ಟದ್ದು ಸರಿ. ಹೀಗೆ ನಾಲ್ಕಾರು ಲೆಕ್ಕ ಮಾಡಿದ ಮೇಲೆ ‘ಒಂದನ್ನು ಬಿಡಬೇಕು’ ಅನ್ನೋದೇ ನಿಯಮ ಅನ್ನಿಸಿಬಿಡುತ್ತದೆ. ನಿಯಮ ಅದಲ್ಲ. `n` ಧನ ಪೂರ್ಣಸಂಖ್ಯೆ ಆಗಿರಬೇಕು, ಅಷ್ಟೇ. 5 ಮತ್ತು 11 ಎರಡೂ ಹಾಗೇ ಇವೆ. ಪಟ್ಟಿ ಏನು ಹೇಳುತ್ತದೆ ನೋಡಿ.

```
n     1   2   3   4   5    6    7    8    9    10   11
a_n   30  26  22  18  14   10   6    2    −2   −6   −10
S_n   30  56  78  96  110  120  126  128  126  120  110
```

ಐದನೇ ಪದಕ್ಕೆ ಮೊತ್ತ 110 ಮುಟ್ಟಿತು. ಆಮೇಲೂ ಏರಿ 8ನೇ ಪದಕ್ಕೆ 128 ಆಯಿತು. 9ನೇ ಪದದಿಂದ ಋಣ ಸಂಖ್ಯೆಗಳು ಬಂದವು, ಮೊತ್ತ ಇಳಿಯತೊಡಗಿತು. ಹತ್ತಿದ ಮೆಟ್ಟಿಲುಗಳನ್ನೇ ಇಳಿದು 11ನೇ ಪದಕ್ಕೆ ಮತ್ತೆ 110ಕ್ಕೆ ಬಂತು. ಆರರಿಂದ ಹನ್ನೊಂದರವರೆಗಿನ ಪದಗಳನ್ನು ಮಾತ್ರ ಕೂಡಿ ನೋಡಿ: 10, 6, 2, −2, −6, −10. ಒಂದನ್ನೊಂದು ಹೊಡೆದು ಸೊನ್ನೆ. ಸೊನ್ನೆ ಸೇರಿಸಿದರೆ 110 ಹಾಗೇ ಇರಬೇಕಲ್ಲ.

ಒಂದನ್ನು ಬಿಡುವ ಸಂದರ್ಭವೂ ಬರಬಹುದು, ಆದರೆ ಅದು ಪ್ರಶ್ನೆಯ ಮಾತಿನಿಂದ ಬರುತ್ತದೆ, ಬೀಜಗಣಿತದಿಂದಲ್ಲ. ಕೆಳಗಿನ ಸಾಲಿನಲ್ಲಿ 30 ಡಬ್ಬ, ಅದರ ಮೇಲೆ 26, ಹೀಗೆ ಜೋಡಿಸಿದರೆ 110 ಡಬ್ಬಕ್ಕೆ ಎಷ್ಟು ಸಾಲು ಅಂತ ಕೇಳಿದ್ದರೆ ಉತ್ತರ 5 ಮಾತ್ರ. 9ನೇ ಸಾಲಿನಲ್ಲಿ −2 ಡಬ್ಬ ಇಡೋದು ಹೇಗೆ? ಬರೀ ಸಂಖ್ಯೆಗಳ ಪ್ರಶ್ನೆಯಲ್ಲಿ ಆ ತೊಂದರೆ ಇಲ್ಲ. ಅಲ್ಲಿ 11ನ್ನು ಬಿಟ್ಟರೆ ಉತ್ತರ ಅರ್ಧ ಮಾತ್ರ.

ಮಗಳಿಗೆ ಈ ಮೂರನೇ ಪಟ್ಟಿಯನ್ನು ಎದುರಿಗಿಟ್ಟು ಒಂದು ಪ್ರಶ್ನೆ ಕೇಳಿ. ಇದೇ ಶ್ರೇಢಿಯ ಎಷ್ಟು ಪದ ಕೂಡಿದರೆ 100? ಸೂತ್ರದಿಂದ `n² − 16n + 50 = 0` ಬರುತ್ತದೆ. ಬಿಡಿಸಲು ಹೋದರೆ ವರ್ಗಮೂಲದೊಳಗೆ 56 ಸಿಗುತ್ತದೆ. ಅದು ಪೂರ್ಣ ವರ್ಗವಲ್ಲ. ಎಲ್ಲೋ ತಪ್ಪು ಮಾಡಿದೆ ಅಂತ ಅವಳು ಅಳಿಸಲು ಹೊರಡಬಹುದು. ಕೆಳಗಿನ ಸಾಲನ್ನು ತೋರಿಸಿ. ಹತ್ತುವಾಗ ಮೊತ್ತ 96ರಿಂದ ಒಂದೇ ನೆಗೆತಕ್ಕೆ 110ಕ್ಕೆ ಹೋಗಿದೆ. ಇಳಿಯುವಾಗಲೂ 110 ಆದಮೇಲೆ 12ನೇ ಪದ −14, ಮತ್ತೆ ನೇರ 96. 100ನ್ನು ಅದು ಮೆಟ್ಟುವುದೇ ಇಲ್ಲ.